ಲ್ಯಾಪ್‌ಟಾಪಿನಲ್ಲೇ ಉಳಿದುಹೋಗಿದ್ದ ಅಕ್ಷರ

ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಹಳೆಯ ಫಾಂಟುಗಳಿಂದ ಟೈಪ್ ಮಾಡಿಟ್ಟ ಕನ್ನಡದ ಕಡತಗಳು ಇವತ್ತಿಗೂ ರಾಶಿ ರಾಶಿ ಇವೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳೇ ಕಾಣುತ್ತವೆ. ಅವನ್ನು ಎಲ್ಲ ಕಡೆ ಓದಲು ಬರುವ ಯೂನಿಕೋಡ್ ಕನ್ನಡಕ್ಕೆ ತಿರುಗಿಸುವ ಒಂದು ಪುಟ್ಟ ತಂತ್ರಾಂಶವನ್ನು ಮೈಸೂರಿನ ನಾಲ್ವರು ಬಹಳ ವರ್ಷಗಳಿಂದ ನೋಡಿಕೊಳ್ಳುತ್ತಿದ್ದಾರೆ. ನಾಲ್ವರಿಗೂ ಬೇರೆ ಬೇರೆ ಕಡೆ ಉದ್ಯೋಗವಿದೆ, ಇದು ಸಂಜೆಯ ಮತ್ತು ಭಾನುವಾರದ ಕೆಲಸ. ಬರೆದದ್ದು ಪೈಥಾನ್ ಭಾಷೆಯಲ್ಲಿ. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ತಮ್ಮ ಹೆಸರು ಬೇಡ, ನಡೆದದ್ದನ್ನಷ್ಟೇ ಬರೆಯಿರಿ ಎಂದು ಅವರು ಹೇಳಿದ್ದರಿಂದ ಹೆಸರು ಹಾಕಿಲ್ಲ.

ತಂತ್ರಾಂಶದಲ್ಲಿ ಏನಾದರೂ ತಿದ್ದಿದಾಗ ಅದನ್ನು ಜನರಿಗೆ ತಲುಪಿಸಬೇಕಲ್ಲ, ಅದಕ್ಕೆ ಇವರ ಬಾಯಲ್ಲಿ ರಿಲೀಸ್ ಎಂದು ಹೆಸರು. ವರ್ಷಗಟ್ಟಲೆ ಈ ರಿಲೀಸ್ ಒಬ್ಬರ ಕೈಯಿಂದಲೇ ಆಗುತ್ತಿತ್ತು. ತಂಡದ ಹಿರಿಯರು ರಾತ್ರಿ ಊಟ ಮುಗಿಸಿ ತಮ್ಮ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದರು. ಆವೃತ್ತಿಯ ಸಂಖ್ಯೆಯನ್ನು ಎರಡು ಕಡತಗಳಲ್ಲಿ ಬದಲಿಸಬೇಕು, ಹಳೆಯ ಸಲದ ಕಡತಗಳಿರುವ `dist` ಫೋಲ್ಡರನ್ನು ಅಳಿಸಬೇಕು, ಆಮೇಲೆ ಈ ಎರಡು ಸಾಲು:

```
python -m build
twine upload dist/*
```

ಮೊದಲನೆಯದು ಬರೆದ ಕೋಡನ್ನೆಲ್ಲ ಒಟ್ಟುಮಾಡಿ ಎರಡು ಕಟ್ಟು ಕಟ್ಟುತ್ತದೆ. ಒಂದು ಮೂಲ ಕೋಡಿನ ಕಟ್ಟು, ಇನ್ನೊಂದು ಬಳಕೆದಾರರ ಕಂಪ್ಯೂಟರಿನಲ್ಲಿ ನೇರವಾಗಿ ಕೂರುವ ಕಟ್ಟು. ಎರಡನೆಯದಕ್ಕೆ ಪೈಥಾನ್ ಲೋಕದಲ್ಲಿ ವೀಲ್ ಎನ್ನುತ್ತಾರೆ. ಹಣೆಪಟ್ಟಿ ಏನೇ ಇರಲಿ, ಅದು ಒಂದು ಜಿಪ್ ಕಡತವೇ. ಎರಡನೆಯ ಸಾಲು ಇವೆರಡನ್ನೂ ಪೈಪಿಐ ಎಂಬ ಸಾರ್ವಜನಿಕ ಉಗ್ರಾಣಕ್ಕೆ ಏರಿಸುತ್ತದೆ. ಜಗತ್ತಿನ ಪೈಥಾನ್ ಬಳಕೆದಾರರೆಲ್ಲ `pip install` ಎಂದು ಬರೆದಾಗ ಸಾಮಾನ್ಯವಾಗಿ ಸಾಮಾನು ಬರುವುದು ಇಲ್ಲಿಂದಲೇ.

ಎರಡೇ ಸಾಲಿನ ಕೆಲಸಕ್ಕೆ ಯಂತ್ರದ ನೆರವು ಏಕೆ ಬೇಕು ಎಂದು ಅನ್ನಿಸುವುದು ಸಹಜ. ಹಿರಿಯರಿಗೂ ಹಾಗೇ ಅನ್ನಿಸುತ್ತಿತ್ತು. ಆದರೆ ಪೈಪಿಐಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಒಂದು ಹೆಸರಿನ ಕಡತ ಒಮ್ಮೆ ಏರಿತೆಂದರೆ ಅದೇ ಹೆಸರಿನಲ್ಲಿ ಇನ್ನೊಂದನ್ನು ಎಂದೂ ಏರಿಸುವಂತಿಲ್ಲ. ಏರಿಸಿದ್ದನ್ನು ಅಳಿಸಿಹಾಕಿದರೂ ಆ ಹೆಸರು ಮತ್ತೆ ಸಿಗುವುದಿಲ್ಲ. ನಿನ್ನೆ ಇಳಿಸಿಕೊಂಡವನಿಗೂ ಇವತ್ತು ಇಳಿಸಿಕೊಂಡವನಿಗೂ ಒಂದೇ ಹೆಸರಿನಲ್ಲಿ ಬೇರೆ ಬೇರೆ ಸಾಮಾನು ಸಿಗಬಾರದು ಎಂಬುದೇ ಕಾರಣ, ನ್ಯಾಯವಾದದ್ದೇ. ಇದರಿಂದ ಆಗುವುದೇನೆಂದರೆ ಕಣ್ತಪ್ಪಿನಿಂದ ಅರೆಬರೆ ಕಟ್ಟು ಏರಿಸಿದರೆ ಆ ಸಂಖ್ಯೆ ಅಲ್ಲಿಗೆ ಖರ್ಚಾಯಿತು. ಈ ತಂಡದ ರಿಲೀಸ್ ಪಟ್ಟಿಯಲ್ಲಿ ಒಂದೇ ರಾತ್ರಿ ಹೊರಬಂದ ಜೋಡಿ ಆವೃತ್ತಿಗಳು ಅಲ್ಲಲ್ಲಿ ಕಾಣುತ್ತವೆ. ಮೊದಲನೆಯದು ತಪ್ಪು, ಎರಡನೆಯದು ತಿದ್ದುಪಡಿ. ಒಮ್ಮೆ ಎರಡು ಕಡತಗಳ ಪೈಕಿ ಒಂದರಲ್ಲಿ ಮಾತ್ರ ಸಂಖ್ಯೆ ಬದಲಾಗಿ, ಉಗ್ರಾಣದ ಪುಟ ಒಂದು ಆವೃತ್ತಿ ಹೇಳಿದರೆ ತಂತ್ರಾಂಶ ತನ್ನ ಬಾಯಿಂದ ಇನ್ನೊಂದು ಹೇಳುತ್ತಿತ್ತು. ದೂರು ಕೊಡುವ ಬಳಕೆದಾರ ತನ್ನ ಬಳಿ ಯಾವುದಿದೆ ಎಂದು ಹೇಳಲಾಗದೆ ಪರದಾಡಿದ.

ಇಷ್ಟಕ್ಕೇ ಯಾರೂ ಎಚ್ಚೆತ್ತುಕೊಳ್ಳಲಿಲ್ಲ. ಎಚ್ಚೆತ್ತದ್ದು ಬೇರೆ ಕಾರಣಕ್ಕೆ. ಪೈಥಾನಿನ ಹೊಸ ಆವೃತ್ತಿ ಬಂದು, ಅದರಲ್ಲಿ ಇವರ ಪರಿವರ್ತಕ ತೆರೆಯುತ್ತಿದ್ದಂತೆ ಬಿದ್ದುಹೋಗತೊಡಗಿತು. ತಿದ್ದುಪಡಿ ಒಂದೇ ಸಾಲಿನದು, ಆವತ್ತೇ ಸಿದ್ಧವಾಯಿತು. ಆದರೆ ಹಿರಿಯರು ಕುಟುಂಬದೊಂದಿಗೆ ಯಾತ್ರೆಗೆ ಹೋಗಿದ್ದರು. ಲ್ಯಾಪ್‌ಟಾಪ್ ಮನೆಯ ಬೀರುವಿನಲ್ಲಿ. ಏರಿಸಲು ಬೇಕಾದ ಟೋಕನ್, ಅಂದರೆ ಉಗ್ರಾಣದ ಬೀಗದ ಕೈಯಂಥ ಉದ್ದನೆಯ ಗುಪ್ತಪದ, ಆ ಲ್ಯಾಪ್‌ಟಾಪಿನಲ್ಲಿ `.pypirc` ಎಂಬ ಕಡತದೊಳಗೆ ಯಾರು ಬೇಕಾದರೂ ಓದುವಂಥ ಸಾದಾ ಬರಹದಲ್ಲಿತ್ತು. ಹೊಸ ಟೋಕನ್ ಮಾಡಿಕೊಳ್ಳೋಣವೆಂದರೆ 2024ರ ಜನವರಿ 1ರಿಂದ ಪೈಪಿಐಯಲ್ಲಿ ಖಾತೆ ನಿರ್ವಹಿಸಲು ಎರಡು ಹಂತದ ಪರಿಶೀಲನೆ ಕಡ್ಡಾಯ. ಆ ಎರಡನೇ ಹಂತ ಅವರ ಫೋನಿನಲ್ಲಿತ್ತು, ಫೋನಿಗೆ ಸಿಗ್ನಲ್ ಇರಲಿಲ್ಲ. ಅವರು ಊರಿಗೆ ಬರುವವರೆಗೆ ಬಳಕೆದಾರರು ಕಾದರು.

ಬಂದಮೇಲೆ ಹಿರಿಯರೇ ಮಾತು ತೆಗೆದರಂತೆ. "ಇನ್ನು ನನ್ನ ಕೈಯಲ್ಲಿ ಬೇಡ, ಯಾವುದಾದರೂ ದಾರಿ ಮಾಡಿ." ದಾರಿ ಮಾಡುವ ಕೆಲಸ ತಂಡದ ಕಿರಿಯಳ ಪಾಲಿಗೆ ಬಂತು. ಆಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಹಳಬರಿಗೆ ಕಣ್ಣಿಗೆ ಬೀಳದ್ದು ಆಕೆಗೆ ಬೀಳಲು ಅದೂ ಒಂದು ಕಾರಣವಿರಬೇಕು.

ಇವರ ಕೋಡ್ ಇರುವುದು ಗಿಟ್‌ಹಬ್‌ನಲ್ಲಿ. ಅಲ್ಲಿ ಆಕ್ಷನ್ಸ್ ಎಂಬ ಸೌಲಭ್ಯವಿದೆ. ಏನೇನು ಮಾಡಬೇಕೆಂದು ಒಂದು ಕಡತದಲ್ಲಿ ಬರೆದಿಟ್ಟರೆ, ಸಮಯ ಬಂದಾಗ ಗಿಟ್‌ಹಬ್ ಎಲ್ಲೋ ಒಂದು ಹೊಚ್ಚಹೊಸ ಕಂಪ್ಯೂಟರನ್ನು ಎಬ್ಬಿಸಿ, ಕೋಡಿನ ಭಂಡಾರವನ್ನು ಅದಕ್ಕೆ ಇಳಿಸಿ, ಬರೆದಿಟ್ಟದ್ದನ್ನು ಒಂದೊಂದಾಗಿ ಮಾಡಿಸಿ, ಮುಗಿದ ಮೇಲೆ ಆ ಕಂಪ್ಯೂಟರನ್ನೇ ಅಳಿಸಿಹಾಕುತ್ತದೆ. ಮುಂದಿನ ಸಲ ಇನ್ನೊಂದು ಹೊಸದು. ಈ ಹೊಸತನವೇ ಮುಂದಿನ ಕತೆಗೆಲ್ಲ ಮೂಲ. ಹಿರಿಯರ ಲ್ಯಾಪ್‌ಟಾಪಿನಲ್ಲಿ ವರ್ಷಗಳಿಂದ ಕೂಡುತ್ತ ಬಂದದ್ದು ಯಾವುದೂ ಈ ಕಂಪ್ಯೂಟರಿನಲ್ಲಿ ಇರುವುದಿಲ್ಲ.

ಕಿರಿಯಳು ಮೊದಲು ಎರಡೇ ಹಂತ ಬರೆದಳು: ಕಟ್ಟು, ಆಮೇಲೆ ಟೆಸ್ಟ್‌ಪೈಪಿಐಗೆ ಏರಿಸು. ಈ ಟೆಸ್ಟ್‌ಪೈಪಿಐ ಅಭ್ಯಾಸಕ್ಕೆಂದೇ ಇರುವ ಇನ್ನೊಂದು ಉಗ್ರಾಣ, ಅಲ್ಲಿ ಸಂಖ್ಯೆ ಹಾಳಾದರೂ ಯಾರಿಗೂ ನಷ್ಟವಿಲ್ಲ. ಎರಡೂ ಹಂತದ ಮುಂದೆ ಹಸಿರು ಗುರುತು ಬಿತ್ತು. ತಂಡದ ವಾಟ್ಸಾಪ್ ಗುಂಪಿನಲ್ಲಿ ಅಭಿನಂದನೆಯ ಚಿತ್ರಗಳೂ ಬಂದವು. ಆಕೆ ಮಾತ್ರ ಕಡತದ ಗಾತ್ರ ನೋಡಿದಳು. ಹಿಂದಿನ ವೀಲ್‌ಗಳೆಲ್ಲ ನೂರು ಕಿಲೋಬೈಟ್ ದಾಟುತ್ತಿದ್ದವು. ಇದು ಇಪ್ಪತ್ತನ್ನೂ ಮುಟ್ಟಿರಲಿಲ್ಲ.

ಅದನ್ನು ಇಳಿಸಿಕೊಂಡು, ಕೋಡಿನ ಫೋಲ್ಡರಿನಿಂದ ಹೊರಗೆ ಬಂದು, ಬೇರೆ ಜಾಗದಿಂದ ಓಡಿಸಿದಳು. `FileNotFoundError` ಎಂದು ಹೇಳಿ ನಿಂತಿತು. ಹಳೆಯ ಫಾಂಟಿನ ಯಾವ ಚಿಹ್ನೆಗೆ ಯೂನಿಕೋಡಿನ ಯಾವ ಅಕ್ಷರ ಎಂಬ ನಕ್ಷೆ, ಅಂದರೆ ಇಡೀ ತಂತ್ರಾಂಶದ ಜೀವ, ಕಟ್ಟಿನೊಳಗೆ ಇರಲೇ ಇಲ್ಲ.

ಹೊರಗೆ ಬಂದು ಓಡಿಸಿದಳು ಎಂದೆನಲ್ಲ, ಅದು ಸಣ್ಣ ಮಾತಲ್ಲ. ಕೋಡಿನ ಫೋಲ್ಡರಿನಲ್ಲೇ ನಿಂತು ಓಡಿಸಿದರೆ ಪೈಥಾನ್ ಸಾಮಾನ್ಯವಾಗಿ ಎದುರಿಗೇ ಇರುವ ಮೂಲ ಕೋಡನ್ನು ಎತ್ತಿಕೊಳ್ಳುತ್ತದೆ. ಕಟ್ಟಿದ ವೀಲ್ ಸರಿಯಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಹಿರಿಯರು ಇಷ್ಟು ವರ್ಷ ಪರೀಕ್ಷೆ ಮಾಡುತ್ತಿದ್ದುದು ಹಾಗೆಯೇ. ಜನರ ಕೈಗೆ ಹೋಗುವ ಸಾಮಾನನ್ನು ಹೋಗುವ ಮುನ್ನ ಯಾರೂ ಬಿಚ್ಚಿ ನೋಡಿರಲಿಲ್ಲ.

"ಸರ್, ಈ ನಕ್ಷೆಯ ಕಡತ ಎಲ್ಲಿದೆ?"

"ಅದೇ ಫೋಲ್ಡರಿನಲ್ಲೇ ಇದೆಯಲ್ಲಮ್ಮ."

"ನಿಮ್ಮ ಫೋಲ್ಡರಿನಲ್ಲಿ ಇರಬಹುದು ಸರ್. ಭಂಡಾರದಲ್ಲಿ ಇಲ್ಲ."

ನಕ್ಷೆಯನ್ನು ಮೊದಲು ತಯಾರಿಸಿದ್ದು ಒಂದು ಸ್ಪ್ರೆಡ್‌ಶೀಟಿನಿಂದ. ಒಂದು ಕಾಲಮ್ಮಿನಲ್ಲಿ ಹಳೆಯ ಚಿಹ್ನೆ, ಪಕ್ಕದಲ್ಲಿ ಯೂನಿಕೋಡ್. ಆ ಹಾಳೆಯನ್ನು ಓದಿ `.json` ಕಡತ ಹುಟ್ಟಿಸುವ ಚಿಕ್ಕ ಸ್ಕ್ರಿಪ್ಟ್ ಒಂದಿತ್ತು. ಬೇಕೆಂದಾಗ ಹುಟ್ಟಿಸಿಕೊಳ್ಳಬಹುದಾದ ಕಡತವನ್ನು ಭಂಡಾರದಲ್ಲಿ ಇಡಬೇಕಿಲ್ಲ ಎಂದು ಯಾರೋ ಅದನ್ನು `.gitignore` ಪಟ್ಟಿಗೆ ಸೇರಿಸಿದ್ದರು. ಲೆಕ್ಕಕ್ಕೆ ಅದು ಒಳ್ಳೆಯ ಪದ್ಧತಿಯೇ. ಆದರೆ ಕಟ್ಟು ಕಟ್ಟುವ ಉಪಕರಣ ಕಣ್ಣೆದುರಿನ ಫೋಲ್ಡರನ್ನು ನೋಡುತ್ತದೆಯೇ ಹೊರತು ಭಂಡಾರದಲ್ಲಿ ಏನಿದೆ ಎಂದು ಕೇಳುವುದಿಲ್ಲ. ಈ ಫೋಲ್ಡರಿನ ಜೇಸನ್ ಕಡತಗಳನ್ನೆಲ್ಲ ಸೇರಿಸು ಎಂದು ಹೇಳಿದ್ದರೆ, ಇದ್ದರೆ ಸೇರಿಸುತ್ತದೆ, ಒಂದೂ ಇಲ್ಲದಿದ್ದರೆ ಸದ್ದಿಲ್ಲದೆ ಮುಂದೆ ಹೋಗುತ್ತದೆ. ತಪ್ಪೆಂದು ನಿಲ್ಲುವುದಿಲ್ಲ, ಹಾಗಾಗಿ ಹಸಿರು ಗುರುತು ಬೀಳುತ್ತದೆ.

ಹಾಗಿದ್ದರೆ ಹೊಸ ಕಂಪ್ಯೂಟರಿನಲ್ಲೂ ಆ ಸ್ಕ್ರಿಪ್ಟ್ ಓಡಿಸಿ ನಕ್ಷೆ ಹುಟ್ಟಿಸಿದರಾಯಿತು ಎಂದು ಕಿರಿಯಳು ಒಂದು ಹಂತ ಸೇರಿಸಿದಳು. ಈ ಸಲ ಗಾತ್ರ ಹೆಚ್ಚುಕಡಿಮೆ ಸರಿಬಂತು. ಹೆಚ್ಚುಕಡಿಮೆ ಎನ್ನುವುದು ಆಕೆಗೆ ಸಮಾಧಾನ ತರಲಿಲ್ಲ. ಹಿಂದಿನ ಆವೃತ್ತಿಯ ವೀಲನ್ನು ಪೈಪಿಐಯಿಂದ ಇಳಿಸಿ, ಜಿಪ್ ಬಿಚ್ಚಿ, ಅದರ ನಕ್ಷೆಯನ್ನೂ ಹೊಸ ನಕ್ಷೆಯನ್ನೂ ಸಾಲು ಸಾಲಾಗಿ ಹೋಲಿಸುವ ಉಪಕರಣಕ್ಕೆ ಕೊಟ್ಟಳು. ಕೆಲವು ಸಾಲುಗಳು ಬೇರೆಬೇರೆ ಎಂದು ಅದು ತೋರಿಸಿತು. ಕಣ್ಣಿಗೆ ನೋಡಿದರೆ ಅವುಗಳಲ್ಲಿ ಹಲವು ಒಂದೇ ಥರ ಇದ್ದವು!

ಇಲ್ಲಿ ಕನ್ನಡದ ಒಂದು ಸೂಕ್ಷ್ಮ ಬರುತ್ತದೆ. ಧರ್ಮ ಎಂದು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದರೆ ಕಡತದಲ್ಲಿ ಕೂರುವುದು ಕಣ್ಣಿಗೆ ಕಂಡ ಕ್ರಮದಲ್ಲಿ: ಧ, ಮ, ಆಮೇಲೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ಧ, ರ, ವಿರಾಮ ಚಿಹ್ನೆ, ಮ. ಹೀಗೆ ರ, ವಿರಾಮ, ವ್ಯಂಜನ ಒಂದರ ಹಿಂದೆ ಒಂದು ಬಂದರೆ ಪರದೆಯ ಮೇಲೆ ಅರ್ಕಾವೊತ್ತು ತಾನಾಗಿ ಮೂಡುತ್ತದೆ. ಕಾರ್ಯ, ಸೂರ್ಯ ಸರಿಯಾಗಿ ಕಾಣುವುದು ಹಾಗೆ. ಆದರೆ ರ‍್ಯಾಂಕ್ ಎಂದು ಬರೆಯುವಾಗ ನಮಗೆ ಬೇಕಾದದ್ದು ಅರ್ಕಾವೊತ್ತಲ್ಲ. ರ ಪೂರ್ತಿ ನಿಲ್ಲಬೇಕು, ಯ ಅದಕ್ಕೆ ಒತ್ತಾಗಬೇಕು. ಅದಕ್ಕಾಗಿ ಯೂನಿಕೋಡಿನಲ್ಲಿ ರ ಮತ್ತು ವಿರಾಮದ ನಡುವೆ ಒಂದು ಅದೃಶ್ಯ ಅಕ್ಷರ ಇಡಬೇಕಾಗುತ್ತದೆ. ಅದರ ಸಂಕೇತ ಸಂಖ್ಯೆ `U+200D`, ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಹಿಡಿದು ಜಡ್‌ಡಬ್ಲ್ಯುಜೆ ಎನ್ನುತ್ತಾರೆ. ಅಗಲ ಸೊನ್ನೆ, ಅಚ್ಚಿನಲ್ಲಿ ಏನೂ ಕಾಣದು. ಕಡತದಲ್ಲಿ ಮಾತ್ರ ಮೂರು ಬೈಟ್ ಜಾಗ ಹಿಡಿಯುತ್ತದೆ.

ಎಂದೋ ಒಂದು ದಿನ ಯಾರೋ ಬಳಕೆದಾರ, ನಿಮ್ಮ ಪರಿವರ್ತಕ ರ‍್ಯಾಂಕ್ ಎಂಬುದನ್ನು ಯ ಮೇಲೆ ಅರ್ಕಾವೊತ್ತು ಹಾಕಿ ಕೊಡುತ್ತಿದೆ ಎಂದು ಬರೆದಿದ್ದ. ಹಿರಿಯರು ಆ ರಾತ್ರಿಯೇ ಜೇಸನ್ ಕಡತ ತೆರೆದು, ಬೇಕಾದ ಸಾಲುಗಳಲ್ಲಿ ಅದೃಶ್ಯ ಅಕ್ಷರ ತುಂಬಿಸಿ, ಏರಿಸಿ, ಮಲಗಿದ್ದರು. ಬಳಕೆದಾರ ಸಂತೋಷಪಟ್ಟ. ಸ್ಪ್ರೆಡ್‌ಶೀಟ್ ಹಾಗೆಯೇ ಉಳಿಯಿತು. ಅವರ ಲ್ಯಾಪ್‌ಟಾಪಿನಲ್ಲಿ ಆ ಸ್ಕ್ರಿಪ್ಟನ್ನು ಮತ್ತೆ ಯಾರೂ ಓಡಿಸದೆ ಇದ್ದುದರಿಂದ ತಿದ್ದುಪಡಿ ಬದುಕಿಕೊಂಡಿತ್ತು. ಇಂಥ ಕೈತಿದ್ದುಪಡಿಗಳು ಅದೊಂದೇ ಅಲ್ಲ, ಇನ್ನೂ ಕೆಲವು ಸಿಕ್ಕವು. ಕೆಲವಕ್ಕೆ ಕಾರಣ ಹಿರಿಯರಿಗೂ ನೆನಪಿರಲಿಲ್ಲ. ಒಂದೊಂದನ್ನೂ ಹಳೆಯ ಪುಟಗಳ ಮೇಲೆ ಓಡಿಸಿ ನೋಡಿ, ಬೇಕಾದದ್ದನ್ನು ಹಾಳೆಗೆ ಸೇರಿಸಿದರು. ಯಂತ್ರಕ್ಕೆ ಒಪ್ಪಿಸುವ ಕೆಲಸದಲ್ಲಿ ಹೆಚ್ಚು ದಿನ ತಿಂದದ್ದು ಇದೇ. ಹೊರಗಿನವರು ಕೇಳಿದರೆ ಆಟೊಮೇಷನ್ ಮಾಡುತ್ತಿದ್ದೇವೆ ಎನ್ನುತ್ತಿದ್ದರು. ಒಳಗೆ ನಡೆಯುತ್ತಿದ್ದುದು ಒಬ್ಬರ ಲ್ಯಾಪ್‌ಟಾಪಿನ ಪಂಚನಾಮೆ.

ಭಂಡಾರದಲ್ಲಿರುವುದಕ್ಕೂ ಜನರಿಗೆ ತಲುಪುವುದಕ್ಕೂ ಇರುವ ಈ ಅಂತರ ಇಲ್ಲಿ ಒಳ್ಳೆಯ ಮನಸ್ಸಿನಿಂದ ಹುಟ್ಟಿದ್ದು. ಕೆಟ್ಟ ಮನಸ್ಸಿನವರೂ ಅದೇ ಅಂತರದಲ್ಲಿ ಅಡಗಿಕೊಳ್ಳುತ್ತಾರೆ. 2024ರ ಮಾರ್ಚಿನಲ್ಲಿ ಬಯಲಾದ ಎಕ್ಸ್‌ಜಡ್ ಪ್ರಕರಣ ಇದಕ್ಕೆ ದೊಡ್ಡ ಸಾಕ್ಷಿ. ಲಿನಕ್ಸ್ ಕಂಪ್ಯೂಟರುಗಳಲ್ಲೆಲ್ಲ ಬಳಕೆಯಲ್ಲಿರುವ ಈ ಕುಗ್ಗಿಸುವ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟಿದ್ದರು. ವಿಷದ ಬಹುಭಾಗವನ್ನು ಪರೀಕ್ಷೆಯ ಕಡತಗಳೆಂಬ ವೇಷದಲ್ಲಿ ಭಂಡಾರದಲ್ಲೇ ಇಟ್ಟಿದ್ದರೂ, ಅದನ್ನು ಎಬ್ಬಿಸುವ `build-to-host.m4` ಎಂಬ ಕಡತದ ತಿದ್ದಿದ ರೂಪ ಇದ್ದದ್ದು ನಿರ್ವಾಹಕ ಕೈಯಾರೆ ಏರಿಸಿದ ರಿಲೀಸ್ ಕಟ್ಟಿನಲ್ಲಿ ಮಾತ್ರ. ಭಂಡಾರದ ಕೋಡನ್ನು ಎಷ್ಟು ಓದಿದರೂ ಆ ಕೊಂಡಿ ಸಿಗುತ್ತಿರಲಿಲ್ಲ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ತಮ್ಮ ಕಂಪ್ಯೂಟರಿಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂಬ ಎಳೆ ಹಿಡಿದು ಹೋದದ್ದರಿಂದ ಅದು ಸಿಕ್ಕಿಬಿತ್ತು.

ಮೈಸೂರಿಗೆ ಮರಳೋಣ. ಕಟ್ಟು ಸರಿಯಾಯಿತು. ಇನ್ನು ಬೀಗದ ಕೈಯ ಪ್ರಶ್ನೆ. ಸುಲಭದ ದಾರಿಯೆಂದರೆ ಹಿರಿಯರ ಟೋಕನನ್ನು ಗಿಟ್‌ಹಬ್‌ನ ಗುಪ್ತ ಖಾನೆಯಲ್ಲಿ ಇಡುವುದು. ಬಹಳ ಮಂದಿ ಹಾಗೆಯೇ ಮಾಡುತ್ತಾರೆ. ಆದರೆ ಅಂಥ ಟೋಕನಿಗೆ ಅವಧಿಯ ಮಿತಿಯಿಲ್ಲ, ಒಮ್ಮೆ ಸೋರಿದರೆ ಅಳಿಸುವವರೆಗೆ ಯಾರು ಎಲ್ಲಿಂದ ಬೇಕಾದರೂ ಬಳಸಬಹುದು. ಪೈಪಿಐ 2023ರ ಏಪ್ರಿಲ್‌ನಲ್ಲಿ ತಂದ ಇನ್ನೊಂದು ದಾರಿಯಿದೆ, ಟ್ರಸ್ಟೆಡ್ ಪಬ್ಲಿಷಿಂಗ್. ಇದರಲ್ಲಿ ಯಾರೂ ಯಾವ ಗುಪ್ತಪದವನ್ನೂ ಎಲ್ಲೂ ಇಡುವುದಿಲ್ಲ. ಇಂಥ ಭಂಡಾರದ, ಇಂಥ ಹೆಸರಿನ ಕಡತದಲ್ಲಿ ಬರೆದ ಕೆಲಸ ಓಡುತ್ತಿದ್ದರೆ ಮಾತ್ರ ಒಳಗೆ ಬಿಡು ಎಂದು ಪೈಪಿಐಗೆ ಮೊದಲೇ ಹೇಳಿಡಬೇಕು. ಕೆಲಸ ಓಡುವಾಗ ಗಿಟ್‌ಹಬ್ ತನ್ನ ಸಹಿ ಹಾಕಿದ ಒಂದು ಚೀಟಿ ಕೊಡುತ್ತದೆ. ಓಡುತ್ತಿರುವುದು ಯಾವ ಭಂಡಾರದ ಯಾವ ಕೆಲಸ ಎಂದು ಅದರಲ್ಲಿ ಇರುತ್ತದೆ. ಪೈಪಿಐ ಸಹಿ ಪರೀಕ್ಷಿಸಿ, ವಿವರ ತಾಳೆ ನೋಡಿ, ಹದಿನೈದು ನಿಮಿಷ ಮಾತ್ರ ನಡೆಯುವ ಟೋಕನ್ ಕೊಡುತ್ತದೆ. ಅದು ಸೋರಿದರೂ ಸ್ವಲ್ಪ ಹೊತ್ತಿಗೇ ಕೆಲಸಕ್ಕೆ ಬಾರದ ಚೂರು.

ಇವರು ಬರೆದ ಏರಿಸುವ ಹಂತ ಇಷ್ಟೇ:

```yaml
publish:
  needs: [build, test]
  runs-on: ubuntu-latest
  environment: pypi
  permissions:
    id-token: write
  steps:
    - uses: actions/download-artifact@v4
      with:
        name: dist
        path: dist/
    - uses: pypa/gh-action-pypi-publish@release/v1
```

`id-token: write` ಎಂಬ ಸಾಲೇ ಆ ಚೀಟಿ ಕೇಳುವ ಅನುಮತಿ. ಅದನ್ನು ಏರಿಸುವ ಹಂತಕ್ಕೆ ಮಾತ್ರ ಕೊಟ್ಟಿರುವುದನ್ನು ಗಮನಿಸಬೇಕು. ಕಟ್ಟುವ ಹಂತದಲ್ಲಿ ಊರಿನವರ ಹತ್ತಾರು ಉಪಕರಣಗಳು ಬಂದು ಓಡುತ್ತವೆ. ಅವುಗಳಲ್ಲಿ ಯಾವುದಾದರೂ ಕೆಟ್ಟಿದ್ದರೆ ಅದರ ಕೈಗೆ ಈ ಚೀಟಿ ಸಿಗಬಾರದು. ಅದಕ್ಕೇ ಕಟ್ಟುವುದು ಒಂದು ಕಂಪ್ಯೂಟರಿನಲ್ಲಿ, ಏರಿಸುವುದು ಇನ್ನೊಂದರಲ್ಲಿ. ನಡುವೆ ಪರೀಕ್ಷೆಯ ಹಂತ. ಅಲ್ಲಿ ಮೂಲ ಕೋಡ್ ಇರುವುದೇ ಇಲ್ಲ. ಕಟ್ಟಿದ ವೀಲನ್ನು ಖಾಲಿ ಜಾಗದಲ್ಲಿ ಹಾಕಿಕೊಂಡು, ಹಳೆಯ ಫಾಂಟಿನ ಕೆಲವು ಪುಟಗಳನ್ನು ತಿರುಗಿಸಿ, ಬರಬೇಕಾದ ಉತ್ತರದೊಂದಿಗೆ ಬೈಟ್ ಬೈಟ್ ಹೋಲಿಸುತ್ತದೆ. ರ‍್ಯಾಂಕ್ ಅದರಲ್ಲಿ ಸೇರಿದೆ. ಆವೃತ್ತಿಯ ಸಂಖ್ಯೆಯೂ ರಿಲೀಸಿಗೆ ಕಟ್ಟಿದ ಗುರುತಿನ ಪಟ್ಟಿಯೂ ಒಂದೇ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ.

ಟೆಸ್ಟ್‌ಪೈಪಿಐಗೆ ಈ ದಾರಿಯಿಂದ ಏರಿಸಲು ಹೋದಾಗ ಕೆಂಪು ಬಿತ್ತು:

```
`invalid-publisher`: valid token, but no corresponding publisher
```

ಚೀಟಿ ಅಸಲಿ, ಆದರೆ ಹೇಳಿಟ್ಟ ವಿವರದೊಂದಿಗೆ ತಾಳೆಯಾಗುತ್ತಿಲ್ಲ ಎಂದರ್ಥ. ಹೊಸದಾಗಿ ಈ ದಾರಿ ಹಿಡಿದವರೆಲ್ಲ ಒಮ್ಮೆಯಾದರೂ ಈ ಸಾಲನ್ನು ನೋಡಿರುತ್ತಾರೆ. ಅದರ ಕೆಳಗೇ ಚೀಟಿಯಲ್ಲಿದ್ದ ವಿವರಗಳನ್ನೆಲ್ಲ ಮುದ್ರಿಸಿರುತ್ತದೆ, ಅದನ್ನು ತಾಳ್ಮೆಯಿಂದ ಓದುವವರು ಕಡಿಮೆ. ಭಂಡಾರದಲ್ಲಿ ಕಡತದ ಹೆಸರು `release.yaml`, ಉಗ್ರಾಣದಲ್ಲಿ ಹೇಳಿಟ್ಟದ್ದು `release.yml`. ಒಂದು ಅಕ್ಷರ ಸೇರಿಸಿ ಮತ್ತೆ ಓಡಿಸಿದರೆ ಒಳಗೆ ಬಿಟ್ಟಿತು.

ನಿಜವಾದ ರಿಲೀಸಿಗೆ ಒಂದು ಭಾನುವಾರ ಬೆಳಿಗ್ಗೆ ಗೊತ್ತುಮಾಡಿದರು. ರಾತ್ರಿ ಬೇಡ ಎಂದದ್ದು ಕಿರಿಯಳು; ಕೆಟ್ಟರೆ ಸರಿಮಾಡಲು ಎಲ್ಲರೂ ಎಚ್ಚರವಿರಬೇಕಲ್ಲ. ಹಿರಿಯರ ಮನೆಯಲ್ಲೇ ಸೇರಿದರು. ಆದರೆ ಅವರ ಲ್ಯಾಪ್‌ಟಾಪನ್ನು ಬೇಕೆಂದೇ ತೆರೆಯಲಿಲ್ಲ. ಕಿರಿಯಳು ಗಿಟ್‌ಹಬ್‌ನಲ್ಲಿ ರಿಲೀಸ್ ಪ್ರಕಟಿಸಿದಳು, ಮಾಡಬೇಕಾದದ್ದು ಅಷ್ಟೇ. ಕಟ್ಟು ಹಸಿರಾಯಿತು. ಪರೀಕ್ಷೆ ಹಸಿರಾಯಿತು. ಏರಿಸುವ ಹಂತ ಹಳದಿ ಬಣ್ಣದಲ್ಲಿ ನಿಂತಿತು.

ನಿಂತದ್ದು ತಪ್ಪಿನಿಂದಲ್ಲ. `environment: pypi` ಎಂಬ ಸಾಲಿಗೆ ಅವರು ಒಂದು ಕಟ್ಟಳೆ ಜೋಡಿಸಿದ್ದರು: ರಿಲೀಸ್ ಶುರುಮಾಡಿದವರನ್ನು ಬಿಟ್ಟು ಬೇರೆ ಒಬ್ಬರು ಒಪ್ಪಿಗೆ ಕೊಡಬೇಕು. ಒಪ್ಪಿಗೆಯ ಕೋರಿಕೆ ಹಿರಿಯರ ಫೋನಿಗೆ ಬಂತು. ಅವರು ತಕ್ಷಣ ಒತ್ತಲಿಲ್ಲ. ಕಟ್ಟಿದ ವೀಲನ್ನು ಇಳಿಸಿಸಿ, ಗಾತ್ರ ಕೇಳಿ, ಒಳಗಿನ ಕಡತಗಳ ಪಟ್ಟಿಯನ್ನು ಓದಿಸಿಕೊಂಡು, ನಕ್ಷೆ ಇದೆ ಎಂದು ಖಾತ್ರಿ ಮಾಡಿಕೊಂಡು ಆಮೇಲೆ ಒತ್ತಿದರು. ಇಷ್ಟು ವರ್ಷ ತಾವೇ ಕಟ್ಟಿದಾಗ ಒಮ್ಮೆಯೂ ಹೀಗೆ ನೋಡಿರಲಿಲ್ಲ ಎಂದು ಅವರೇ ಹೇಳಿ ನಕ್ಕರಂತೆ. ಒಂದು ನಿಮಿಷದೊಳಗೆ ಪೈಪಿಐ ಪುಟದಲ್ಲಿ ಹೊಸ ಸಂಖ್ಯೆ ಬಂತು. ಅಡುಗೆಮನೆಯಿಂದ ಉಪ್ಪಿಟ್ಟು ಬರುವುದಕ್ಕೆ ಮೊದಲೇ ಬೇರೊಂದು ಕಂಪ್ಯೂಟರಿನಲ್ಲಿ ಇಳಿಸಿ ಓಡಿಸಿ ನೋಡಿಯಾಗಿತ್ತು. ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ ಎಂಬ ನಿರಾಸೆಯೂ ಒಬ್ಬರಿಗೆ ಆಯಿತಂತೆ.

ಆವತ್ತೇ ಮಾಡಿದ ಇನ್ನೊಂದು ಕೆಲಸವನ್ನು ನಾನು ಹೆಚ್ಚು ಮುಖ್ಯವೆಂದು ಎಣಿಸುತ್ತೇನೆ. ಪೈಪಿಐಯ ಖಾತೆಗೆ ಹೋಗಿ ಹಿರಿಯರ ಹಳೆಯ ಟೋಕನ್ ಅಳಿಸಿದರು, ಲ್ಯಾಪ್‌ಟಾಪಿನ `.pypirc` ಕಡತವನ್ನೂ ತೆಗೆದರು. ಹಿರಿಯರಿಗೆ ಸ್ವಲ್ಪ ಹಿಂಜರಿಕೆಯಿತ್ತು. ಯಂತ್ರ ಕೈಕೊಟ್ಟರೆ ಇರಲಿ ಎಂದು ಒಂದನ್ನು ಇಟ್ಟುಕೊಳ್ಳೋಣವೇ ಎಂದರು. ಅದಕ್ಕೆ ಕಿರಿಯಳು ಅಲ್ಟ್ರಾಲಿಟಿಕ್ಸ್ ಕತೆ ಹೇಳಿದಳು. ಚಿತ್ರಗಳಲ್ಲಿ ವಸ್ತುಗಳನ್ನು ಗುರುತಿಸುವ ಆ ಜನಪ್ರಿಯ ಪೈಥಾನ್ ತಂತ್ರಾಂಶ ಆಗಲೇ ಟ್ರಸ್ಟೆಡ್ ಪಬ್ಲಿಷಿಂಗ್‌ಗೆ ಬದಲಾಗಿತ್ತು. 2024ರ ಡಿಸೆಂಬರಿನಲ್ಲಿ ದಾಳಿಕೋರನೊಬ್ಬ, ಹೊರಗಿನವರು ಕಳಿಸುವ ತಿದ್ದುಪಡಿಗಳ ಮೇಲೆ ತಾನಾಗಿ ಓಡುವ ಕೆಲಸವೊಂದರಲ್ಲಿ ಸಂದು ಕಂಡುಕೊಂಡ. ಶಾಖೆಯ ಹೆಸರಿನೊಳಗೇ ಆಜ್ಞೆಗಳನ್ನು ಹುದುಗಿಸಿ ಕಳಿಸಿದ. ಅದು ಓಡಿ, ಹಿಂದಿನ ಓಟದಿಂದ ಉಳಿಸಿಟ್ಟುಕೊಳ್ಳುವ ಸಾಮಾನಿನ ಗೂಡಿಗೆ, ಅಂದರೆ ಕ್ಯಾಶ್‌ಗೆ, ವಿಷ ಸೇರಿಸಿತು. ಮುಂದೆ ರಿಲೀಸ್ ಆಗುವಾಗ ಯಂತ್ರ ಆ ಗೂಡಿನಿಂದಲೇ ಎತ್ತಿಕೊಂಡಿತು. ಹಾಗೆ ಹೊರಬಂದ 8.3.41, 8.3.42 ಆವೃತ್ತಿಗಳು ಬಳಕೆದಾರರ ಕಂಪ್ಯೂಟರಿನಲ್ಲಿ ಕ್ರಿಪ್ಟೊ ನಾಣ್ಯ ಅಗೆಯುತ್ತಿದ್ದವು. ಕೆಲವೇ ದಿನಗಳಲ್ಲಿ ಇನ್ನೂ ಎರಡು ಕೆಟ್ಟ ಆವೃತ್ತಿ ಬಂದವು, ಈ ಸಲ ಯಂತ್ರದ ದಾರಿಯಿಂದಲೇ ಅಲ್ಲ. ಬಳಕೆ ನಿಂತರೂ ಅಳಿಸದೆ ಉಳಿದಿದ್ದ ಹಳೆಯ ಟೋಕನ್ ದಾಳಿಕೋರನ ಕೈಗೆ ಸಿಕ್ಕಿತ್ತು.

ಕತೆ ಕೇಳಿ ಹಿರಿಯರು ಟೋಕನ್ ಬಿಟ್ಟುಕೊಟ್ಟರು. ತಮ್ಮ ರಿಲೀಸ್ ಕಡತದಲ್ಲಿ ಸಮಯ ಉಳಿಸಲೆಂದು ಹಾಕಿದ್ದ ಕ್ಯಾಶ್ ಸಾಲನ್ನೂ ತೆಗೆದುಹಾಕಿದರು. ಕಟ್ಟಲು ಒಂದೆರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ.

ಅಲ್ಟ್ರಾಲಿಟಿಕ್ಸ್‌ನ ಎರಡು ಸುತ್ತನ್ನು ಬೇರ್ಪಡಿಸಿ ಹೇಳಲು ಸಾಧ್ಯವಾದದ್ದು ಹೇಗೆ ಎಂಬುದೂ ತಿಳಿಯಬೇಕಾದದ್ದೇ. ಯಂತ್ರದ ದಾರಿಯಿಂದ ಏರುವ ಕಡತದೊಂದಿಗೆ, ಇದು ಇಂಥ ಭಂಡಾರದ ಇಂಥ ಕೆಲಸದಿಂದ ಹೊರಬಂದದ್ದು ಎಂಬ ಸಹಿಮಾಡಿದ ದಾಖಲೆಯನ್ನು ಪೈಪಿಐ 2024ರ ನವೆಂಬರಿನಿಂದ ಸ್ವೀಕರಿಸುತ್ತಿದೆ. ಮೊದಲ ಸುತ್ತಿನ ಕಡತಗಳಿಗೆ ಅಂಥ ಜಾಡು ಇತ್ತು, ಹಾಗಾಗಿ ವಿಷ ಬೆರೆತದ್ದು ಕಟ್ಟುವ ಯಂತ್ರದೊಳಗೇ ಎಂದು ಹುಡುಕುವವರಿಗೆ ಬೇಗ ತಿಳಿಯಿತು. ಎರಡನೆಯದಕ್ಕೆ ಇರಲಿಲ್ಲ. ದಾಖಲೆ ಇದ್ದ ಮಾತ್ರಕ್ಕೆ ಕಡತ ಒಳ್ಳೆಯದೆಂದಲ್ಲ, ಎಲ್ಲಿ ಹುಟ್ಟಿತೆಂದು ಮಾತ್ರ ಅದು ಹೇಳುತ್ತದೆ.

ಯಂತ್ರದ ಮಿತಿ ಇವರಿಗೆ ಅನುಭವಕ್ಕೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ. ಮುಂದೊಂದು ಆವೃತ್ತಿಯಲ್ಲಿ ಇನ್ನೊಂದು ಹಳೆಯ ಫಾಂಟಿನ ನಕ್ಷೆ ಸೇರಿಸಿದರು. ಕನ್ನಡ ಅಂಕಿಗಳಲ್ಲಿ ಎರಡು ಅದಲುಬದಲಾಗಿದ್ದವು. ಪರೀಕ್ಷೆಯ ಪುಟಗಳಲ್ಲಿ ಆ ಫಾಂಟಿನ ಅಂಕಿ ಒಂದೂ ಇರಲಿಲ್ಲ, ಹಾಗಾಗಿ ಎಲ್ಲವೂ ಹಸಿರು. ತಪ್ಪು ಮೊದಲಿಗಿಂತ ಬೇಗನೆ ಜನರನ್ನು ತಲುಪಿತು. ಇಸವಿಗಳೆಲ್ಲ ತಪ್ಪಾಗಿವೆ ಎಂದು ಸ್ಥಳೀಯ ಇತಿಹಾಸದ ಪುಸ್ತಕವೊಂದನ್ನು ಪರಿವರ್ತಿಸುತ್ತಿದ್ದವರು ತಿಳಿಸಿದರು.

ಆಗ ಅವರು ಮಾಡಿದ್ದು ಅಳಿಸುವ ಕೆಲಸವಲ್ಲ. ಪೈಪಿಐಯಲ್ಲಿ ಒಂದು ಆವೃತ್ತಿಯನ್ನು ಯ್ಯಾಂಕ್ ಮಾಡುವ ಸೌಲಭ್ಯವಿದೆ. ಕಡತ ಅಲ್ಲೇ ಇರುತ್ತದೆ, ಅದೇ ಸಂಖ್ಯೆಯನ್ನು ಹೆಸರಿಟ್ಟು ಕೇಳಿದವರಿಗೆ ಸಿಗುತ್ತದೆ. ಸುಮ್ಮನೆ ಇತ್ತೀಚಿನದು ಕೊಡು ಎಂದವರಿಗೆ ಮಾತ್ರ ಅದರ ಹಿಂದಿನದು ಹೋಗುತ್ತದೆ. ಅಳಿಸಿಬಿಟ್ಟರೆ ಆ ಸಂಖ್ಯೆಯನ್ನೇ ನೆಚ್ಚಿಕೊಂಡವರ ವ್ಯವಸ್ಥೆ ಮುರಿದುಬೀಳುತ್ತದೆ. ಯ್ಯಾಂಕ್ ಮಾಡಲು ಖಾತೆಗೆ ಲಾಗಿನ್ ಆಗಬೇಕು, ಅದಿನ್ನೂ ಮನುಷ್ಯರೇ ಮಾಡಬೇಕಾದ ಕೆಲಸ. ಈಗ ಇಬ್ಬರ ಖಾತೆಗೆ ಆ ಅಧಿಕಾರವಿದೆ. ಯ್ಯಾಂಕ್ ಮಾಡಿ, ಅಂಕಿಗಳಿರುವ ಒಂದು ಪುಟವನ್ನು ಮೊದಲು ಪರೀಕ್ಷೆಗೆ ಸೇರಿಸಿ, ಅದು ಕೆಂಪಾಗುವುದನ್ನು ಕಂಡು, ಆಮೇಲೆ ನಕ್ಷೆ ತಿದ್ದಿದರು. ತಿದ್ದಿದ ಆವೃತ್ತಿ ಅದೇ ಮಧ್ಯಾಹ್ನ ಹೊರಬಂತು. ಶುರುಮಾಡಿದವರು ಹಿರಿಯರು, ಒಪ್ಪಿಗೆ ಒತ್ತಿದ್ದು ಮಂಗಳೂರಿಗೆ ಹೊರಟಿದ್ದ ಬಸ್ಸಿನಲ್ಲಿ ಕೂತಿದ್ದ ತಂಡದ ಇನ್ನೊಬ್ಬರು.